ನಾಲ್ಕು ಹಾಳೆ ತಟ್ಟೆ, ಹದಿನಾರು ವಾಟ್ಸಾಪ್ ಸಂದೇಶ

ನಾನು ಉಡುಪಿ ಹತ್ತಿರದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 2025ರ ಜೂನ್‌ನಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ವಾಟ್ಸಾಪ್‌ನಲ್ಲಿ ಬರುವ ಸುಳ್ಳು ಸುದ್ದಿ ಗುರುತಿಸಲು ಕಲಿಸಬೇಕು ಅಂತ ಹೊರಟೆ. ಭಾಷಣ ಮಾಡುವುದು ಬೇಡ, ಮಕ್ಕಳೇ ಕೈಯಲ್ಲಿ ಹಿಡಿದು ಬೇರೆ ಬೇರೆ ಮಾಡಲಿ ಅಂದುಕೊಂಡೆ. ನಮ್ಮಲ್ಲಿ ಶಾಲೆಗೆ ಮೊಬೈಲ್ ತರುವ ಹಾಗಿಲ್ಲ. ಹಾಗಾಗಿ ಸಂದೇಶಗಳನ್ನು ಅಂಗೈ ಅಗಲದ ಕಾರ್ಡ್‌ಗಳ ಮೇಲೆ ಮುದ್ರಿಸಿದೆ. ಒಟ್ಟು ಹದಿನಾರು ಕಾರ್ಡ್. ಎಂಟು ಸರಿಯಾದವು, ಎಂಟು ತಪ್ಪಾದವು. ಐದೈದು ಮಕ್ಕಳ ಗುಂಪು, ಪ್ರತಿ ಗುಂಪಿಗೂ ಒಂದೊಂದು ಕಟ್ಟು.

ಮೊದಲ ದಿನ ಎರಡೇ ರಾಶಿ ಮಾಡಲು ಹೇಳಿದೆ. ನಿಜ, ಸುಳ್ಳು. ಹತ್ತು ನಿಮಿಷದಲ್ಲಿ ಎಲ್ಲರೂ ಮುಗಿಸಿಬಿಟ್ಟರು. ಎಂಟು ಸುಳ್ಳಿನಲ್ಲಿ ಹೆಚ್ಚಿನ ಗುಂಪುಗಳು ಏಳನ್ನು ಹಿಡಿದಿದ್ದವು. ನನಗೆ ಖುಷಿಯಾಯಿತು. ಮಕ್ಕಳು ಇಷ್ಟು ಚುರುಕು ಇದ್ದಾರಲ್ಲ ಅನ್ನಿಸಿತು.

ಆಮೇಲೆ ಇನ್ನೊಂದು ರಾಶಿ ನೋಡಿದೆ. ಎಂಟು ನಿಜದಲ್ಲಿ ಮೂರು ಮಾತ್ರ ‘ನಿಜ’ದ ಕಡೆ ಇದ್ದವು. ಉಳಿದ ಐದೂ ಸುಳ್ಳಿನ ರಾಶಿಗೆ ಹೋಗಿದ್ದವು. ಸೈಬರ್ ವಂಚನೆಯಾದರೆ 1930ಕ್ಕೆ ಕರೆ ಮಾಡಿ ಅನ್ನುವ ಕಾರ್ಡ್ ಕೂಡ ಅಲ್ಲೇ ಬಿದ್ದಿತ್ತು. ಅದು ಸರ್ಕಾರದ ನಿಜವಾದ ಸಹಾಯವಾಣಿ. ಯಾಕೆ ಸುಳ್ಳು ಅಂದಿರಿ ಎಂದು ಕೇಳಿದೆ. “ಫಾರ್ವರ್ಡ್ ಅಲ್ವಾ ಟೀಚರ್, ಎರಡು ಬಾಣ ಉಂಟು” ಅಂದ ಒಬ್ಬ ಹುಡುಗ.

ಆಗ ನನಗೆ ಅರ್ಥವಾಯಿತು. ಮಕ್ಕಳು ಸುಳ್ಳನ್ನು ಗುರುತಿಸಿರಲಿಲ್ಲ. ಸುಳ್ಳು ಸುದ್ದಿಯ ಪಾಠ ಅಂತ ಗೊತ್ತಾದ ಕೂಡಲೇ ಕಂಡದ್ದನ್ನೆಲ್ಲ ಅನುಮಾನಿಸಿದ್ದರು. ಎಲ್ಲವನ್ನೂ ಸುಳ್ಳು ಅಂದರೆ ಸುಳ್ಳೆಲ್ಲ ಸಿಕ್ಕೇ ಸಿಗುತ್ತದೆ. ಆದರೆ ಮಳೆಗಾಲದಲ್ಲಿ ನದಿ ಪಕ್ಕದ ಮನೆಗೆ ಬರುವ ನಿಜವಾದ ಎಚ್ಚರಿಕೆಯನ್ನೂ ಅದೇ ಮಗು ತಳ್ಳಿಹಾಕುತ್ತದೆ. ನಾನು ಬರೀ ಸುಳ್ಳು ಕಾರ್ಡ್ ಕೊಟ್ಟಿದ್ದರೆ ಈ ದೋಷ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಆ ದಿನದಿಂದ ಬೋರ್ಡಿನಲ್ಲಿ ಎರಡು ಲೆಕ್ಕ ಬರೆಯಲು ಶುರು ಮಾಡಿದೆ: ಸುಳ್ಳನ್ನು ನಂಬಿದ್ದು ಎಷ್ಟು, ನಿಜವನ್ನು ತಳ್ಳಿದ್ದು ಎಷ್ಟು.

ಬಾಣದ ವಿಷಯವನ್ನು ಅಲ್ಲೇ ಬಿಡಿಸಿ ಹೇಳಬೇಕಾಯಿತು. ಒಂದು ಸಂದೇಶ ಮೊದಲು ಕಳಿಸಿದವರಿಂದ ಐದು ಅಥವಾ ಹೆಚ್ಚು ಕೈ ದಾಟಿ ಬಂದಿದ್ದರೆ ವಾಟ್ಸಾಪ್ ಎರಡು ಬಾಣ ತೋರಿಸುತ್ತದೆ. 2020ರಿಂದ ಅಂಥ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಅದು ಹೇಳುವುದು ಇಷ್ಟೇ: ನಿಮಗೆ ಕಳಿಸಿದವರು ಇದನ್ನು ಬರೆದವರಲ್ಲ, ಬರೆದವರು ತುಂಬ ದೂರ ಇದ್ದಾರೆ. ಒಳಗಿನ ಮಾತು ಸರಿಯೋ ತಪ್ಪೋ ಅಂತ ವಾಟ್ಸಾಪ್ ನೋಡಿರುವುದಿಲ್ಲ. ಬಾಣ ಇಲ್ಲದಿದ್ದರೆ ಸ್ವಂತ ಮಾತು ಅಂತಲೂ ಅಲ್ಲ. ಅದೇ ಬರಹವನ್ನು ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬಾಣ ಮಾಯ. ಸಂದೇಶದ ಕೆಳಗಿರುವ ಸಮಯವೂ ಹಾಗೇ. ಅದು ನಮಗೆ ಕಳಿಸಿದ ಹೊತ್ತು, ಬರೆದ ಹೊತ್ತಲ್ಲ.

ಎರಡು ರಾಶಿ ಸಾಲದು ಅಂತ ಗೊತ್ತಾಗಿತ್ತು. ಆದರೆ ಏನು ಮಾಡಬೇಕು ಅಂತ ಹೊಳೆದಿರಲಿಲ್ಲ. ದಾರಿ ತೋರಿಸಿದ್ದು ಕಾರ್ಕಳದ ಕಡೆಯ ಒಬ್ಬ ಹುಡುಗಿ. ಅವಳ ಮನೆಯಲ್ಲಿ ಅಡಿಕೆ ತೋಟ ಇದೆ. “ನಮ್ಮಲ್ಲಿ ಅಡಿಕೆ ಹೆಕ್ಕುವಾಗ ಒಳ್ಳೇದು, ಹಾಳು ಅಂತ ಎರಡೇ ಮಾಡುದಿಲ್ಲ ಟೀಚರ್. ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ. ಹೊರಗಿಂದ ಗೊತ್ತಾಗದಿದ್ರೆ ಅಪ್ಪ ತುಂಡು ಮಾಡಿ ನೋಡ್ತಾರೆ” ಅಂದಳು.

ತುಂಡು ಮಾಡಿ ನೋಡುವುದು! ಆ ಮಾತು ನನ್ನನ್ನು ಬಿಡಲಿಲ್ಲ. ಮರುವಾರ ಪ್ರತಿ ಗುಂಪಿಗೂ ನಾಲ್ಕು ಹಾಳೆ ತಟ್ಟೆ ಮತ್ತು ಒಂದು ಕತ್ತರಿ ಕೊಟ್ಟೆ. ಮೊದಲ ತಟ್ಟೆಯ ಮೇಲೆ ‘ಪರೀಕ್ಷೆ ಮಾಡಲು ಏನೂ ಇಲ್ಲ’ ಎಂದು ಬರೆದೆ. ಶುಭಾಶಯ, ಹಾರೈಕೆ, ಸ್ವಂತ ಅಭಿಪ್ರಾಯ ಅದಕ್ಕೆ. ‘ಕರಾವಳಿಯ ಊಟದಂಥ ಊಟ ಬೇರೆಲ್ಲೂ ಇಲ್ಲ’ ಅನ್ನುವ ಕಾರ್ಡನ್ನು ನಿಜ ಅಂತಲೂ ಸುಳ್ಳು ಅಂತಲೂ ಹೇಳಲು ಆಗುವುದಿಲ್ಲವಲ್ಲ. ಎರಡನೆಯದು ‘ನೋಡಿದೆವು, ಸರಿ ಇದೆ’. ಮೂರನೆಯದು ‘ನೋಡಿದೆವು, ಸರಿ ಇಲ್ಲ’. ನಾಲ್ಕನೆಯದು ‘ಇನ್ನೂ ಗೊತ್ತಿಲ್ಲ’.

ನಿಯಮ ಒಂದೇ. ಎರಡನೇ ಅಥವಾ ಮೂರನೇ ತಟ್ಟೆಗೆ ಹಾಕಬೇಕಾದರೆ ಕಾರ್ಡಿನ ಹಿಂದೆ ‘ಎಲ್ಲಿಂದ ಗೊತ್ತಾಯಿತು’ ಅಂತ ಬರೆಯಬೇಕು. ಬರೆಯಲು ಏನೂ ಇಲ್ಲದಿದ್ದರೆ ಅದು ನಾಲ್ಕನೇ ತಟ್ಟೆಗೆ. ಒಂದು ಕಾರ್ಡಿನಲ್ಲಿ ಎರಡು ಮೂರು ಮಾತು ಸೇರಿಕೊಂಡಿದ್ದರೆ ಕತ್ತರಿಯಿಂದ ಕತ್ತರಿಸಿ ಬೇರೆ ಬೇರೆ ತಟ್ಟೆಗೆ ಹಾಕಬಹುದು.

ಕತ್ತರಿ ಮೊದಲು ಕೆಲಸ ಮಾಡಿದ್ದು ನಿಫಾ ಕಾರ್ಡಿನ ಮೇಲೆ. ಅದರಲ್ಲಿ ಹೀಗಿತ್ತು: ‘ನಿಫಾ ಬಾವಲಿಯಿಂದ ಹರಡುತ್ತದೆ. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ. ಕೋಳಿ ಮಾಂಸದಿಂದಲೂ ಬರುತ್ತದೆ, ಎಲ್ಲರಿಗೂ ತಿಳಿಸಿ.’ ಮೊದಲ ದಿನ ಅರ್ಧ ಗುಂಪುಗಳು ಇದನ್ನು ಪೂರ್ತಿ ನಿಜ ಅಂದಿದ್ದವು, ಉಳಿದವು ಪೂರ್ತಿ ಸುಳ್ಳು ಅಂದಿದ್ದವು. ಈಗ ಮೂರು ಚೂರು ಮಾಡಿದರು. ಹಣ್ಣು ತಿನ್ನುವ ಬಾವಲಿಯಲ್ಲಿ ಈ ವೈರಸ್ ಇರುತ್ತದೆ ಅನ್ನುವುದು ಸರಿ. ಕಚ್ಚಿದ ಹಣ್ಣು ಬೇಡ ಅನ್ನುವುದೂ ಆರೋಗ್ಯ ಇಲಾಖೆಯವರು ಹೇಳುವ ಮಾತೇ. ಕೋಳಿಯ ಚೂರಿಗೆ ಮಾತ್ರ ಹಿಂದೆ ಬರೆಯಲು ಯಾರಿಗೂ ಏನೂ ಸಿಗಲಿಲ್ಲ. ಅದು ನಾಲ್ಕನೇ ತಟ್ಟೆಯಲ್ಲಿ ಕೂತಿತು. ಮರುದಿನ ವಿಜ್ಞಾನದ ಮೇಷ್ಟ್ರನ್ನು ಕೇಳಿ, ಕಂಪ್ಯೂಟರ್ ಕೋಣೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪುಟ ನೋಡಿದ ಮೇಲೆ ಮೂರನೇ ತಟ್ಟೆಗೆ ಹೋಯಿತು. ಎರಡು ನಿಜದ ಬೆನ್ನಿಗೆ ಒಂದು ಸುಳ್ಳನ್ನು ಕಟ್ಟಿ ಕಳಿಸುವುದು ಹೇಗೆ ಅಂತ ಮಕ್ಕಳು ಕೈಯಲ್ಲಿ ಹಿಡಿದು ನೋಡಿದರು.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಳೆ ರಜೆಯ ಕಾರ್ಡ್. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಜೂನ್, ಜುಲೈ ಬಂತೆಂದರೆ ಸಂಜೆಯಾದ ಮೇಲೆ ಎಲ್ಲರ ಕಣ್ಣೂ ಮೊಬೈಲ್ ಮೇಲೆ. ಜಿಲ್ಲಾಧಿಕಾರಿ ರಜೆ ಕೊಟ್ಟರಾ ಇಲ್ವಾ? ಹಳೆಯ ವರ್ಷದ ಆದೇಶವನ್ನು ಯಾರೋ ಮತ್ತೆ ಹರಿಯಬಿಡುತ್ತಾರೆ, ಅದು ರಾತ್ರಿಯೊಳಗೆ ಎಲ್ಲ ಗ್ರೂಪಿಗೂ ತಲುಪುತ್ತದೆ. ಅದೇ ಮಾದರಿಯಲ್ಲಿ ನಾನೊಂದು ಕಾರ್ಡ್ ತಯಾರಿಸಿದ್ದೆ. ಮೊಹರು, ಸಹಿ ಹಾಕಿರಲಿಲ್ಲ. ‘ಭಾರಿ ಮಳೆಯ ರೆಡ್ ಅಲರ್ಟ್ ಇರುವುದರಿಂದ ಜುಲೈ 19, ಶುಕ್ರವಾರ ಜಿಲ್ಲೆಯ ಅಂಗನವಾಡಿ, ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ರಜೆ.’ ವರ್ಷ ಮತ್ತು ಆದೇಶ ಸಂಖ್ಯೆ ಇರುವ ಮೇಲಿನ ಭಾಗ ಕತ್ತರಿಸಿದ ಹಾಗೆ ಕಾಣುತ್ತಿತ್ತು.

ಒಂದು ಗುಂಪು ಇದನ್ನು ಐದು ಚೂರು ಮಾಡಿತು. ಯಾರು ಹೇಳಿದ್ದು, ಯಾವ ಜಿಲ್ಲೆಗೆ, ಯಾವ ತರಗತಿಗಳಿಗೆ, ಯಾವ ದಿನ, ಯಾಕೆ. ಎರಡನೇ ಚೂರಿನಲ್ಲೇ ಸಿಕ್ಕಿಬಿದ್ದರು. ‘ಜಿಲ್ಲೆಯ’ ಅಂತ ಇದೆ, ಯಾವ ಜಿಲ್ಲೆ ಅಂತ ಇಲ್ಲ. ದಕ್ಷಿಣ ಕನ್ನಡದ ಆದೇಶ ಉಡುಪಿಗೆ ಬರುವುದಿಲ್ಲ. ಕೆಲವು ಸಲ ಒಂದೇ ಜಿಲ್ಲೆಯಲ್ಲಿ ಕೆಲವು ತಾಲ್ಲೂಕಿಗೆ ಮಾತ್ರ ರಜೆ ಇರುತ್ತದೆ.

ನಾಲ್ಕನೇ ಚೂರಿಗೆ ಬಂದಾಗ ಒಬ್ಬಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಈ ವರ್ಷ ಜುಲೈ 19 ಶನಿವಾರ! ಇಡೀ ತರಗತಿ ಅವಳ ಕಡೆ ತಿರುಗಿತು. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಹಾಗಾದರೆ ಇದು ಯಾವ ವರ್ಷದ್ದು ಅಂತ ಕೇಳಿದೆ. ಒಂದು ವರ್ಷ ಅಂದರೆ 365 ದಿನ, ಅಂದರೆ 52 ವಾರ ಮತ್ತು ಒಂದು ದಿನ. ಹಾಗಾಗಿ ಅದೇ ತಾರೀಕಿನ ವಾರ ಮುಂದಿನ ವರ್ಷ ಒಂದು ದಿನ ಮುಂದೆ ಜರುಗುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು. ಈ ವರ್ಷ ಶನಿವಾರ ಆದರೆ ಕಳೆದ ವರ್ಷ ಶುಕ್ರವಾರ. “2024ರದ್ದು ಟೀಚರ್!” ಅಂತ ಹಿಂದಿನ ಬೆಂಚಿನಿಂದ ಕೂಗಿದರು. ಹಿಂದೆ ಹಿಂದೆ ಎಣಿಸುತ್ತಾ ಹೋದ ಒಬ್ಬ ಹುಡುಗ ಸ್ವಲ್ಪ ಹೊತ್ತಿನ ಮೇಲೆ ಕೈ ಎತ್ತಿದ. 2019ರಲ್ಲೂ ಶುಕ್ರವಾರವೇ. ಅಲ್ಲಿಗೆ ಮಕ್ಕಳು ತಾವಾಗಿಯೇ ಒಂದು ಮಾತಿಗೆ ಬಂದರು. ಕ್ಯಾಲೆಂಡರ್ ನೋಡಿ ಇದು ಈ ವರ್ಷದ್ದಲ್ಲ ಅಂತ ಹೇಳಬಹುದು, ಯಾವ ವರ್ಷದ್ದು ಅಂತ ಹೇಳಲು ಆಗುವುದಿಲ್ಲ. ಕಾರ್ಡಿನ ಹಿಂದೆ ಹಾಗೇ ಬರೆದರು.

ಆ ಕಾರ್ಡ್‌ನಿಂದ ನಾನೇ ಒಂದು ದೊಡ್ಡ ತಪ್ಪು ಮಾಡಿದೆ. ಕಟ್ಟುಗಳನ್ನು ಮನೆಗೆ ಒಯ್ಯಲು ಬಿಟ್ಟೆ. ಮನೆಯವರ ಜೊತೆ ಆಡಲಿ ಅಂತ ಆಸೆ. ಒಬ್ಬಳ ಅಣ್ಣ ರಜೆಯ ಕಾರ್ಡಿನ ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಹಾಕಿದ. ಎರಡು ದಿನದಲ್ಲಿ ಬೇರೆ ಶಾಲೆಯ ಮಗುವಿನ ತಾಯಿಯೊಬ್ಬರು ನನಗೆ ಫೋನ್ ಮಾಡಿದರು. “ಟೀಚರ್, 19ಕ್ಕೆ ರಜೆಯಂತೆ, ಹೌದಾ?” ನನಗೆ ಕೈಕಾಲು ತಣ್ಣಗಾಯಿತು. ಸುಳ್ಳು ಸುದ್ದಿ ತಡೆಯಲು ಹೊರಟವಳ ಮೇಜಿನಿಂದಲೇ ಒಂದು ಸುಳ್ಳು ಊರಿಗೆ ಹೋಗಿತ್ತು. ಆ ರಾತ್ರಿ ಆ ಮನೆಯವರನ್ನು, ಅವರು ಕಳಿಸಿದವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಅಳಿಸಲು ಹೇಳಿದೆ. ಎಲ್ಲ ಕಡೆಯಿಂದ ಅಳಿಸಿತು ಅಂತ ಇಂದಿಗೂ ನನಗೆ ಧೈರ್ಯವಿಲ್ಲ.

ಅಂದಿನಿಂದ ಪ್ರತಿ ಕಾರ್ಡಿನ ಮೇಲೂ ‘ತರಗತಿ ಚಟುವಟಿಕೆ’ ಅಂತ ಕೆಂಪು ಅಕ್ಷರದಲ್ಲಿ ಮುದ್ರಿಸುತ್ತೇನೆ. ಮೂಲೆಯಲ್ಲಿ ಅಲ್ಲ, ಬರಹದ ಮೇಲೇ ಅಡ್ಡಡ್ಡ. ಮೂಲೆಯಲ್ಲಿದ್ದರೆ ಫೋಟೋದಲ್ಲಿ ಕತ್ತರಿಸಿ ಹೋಗುತ್ತದೆ. ಕಾರ್ಡ್‌ಗಳು ತರಗತಿಯಿಂದ ಹೊರಗೆ ಹೋಗುವುದಿಲ್ಲ, ಎಣಿಸಿ ಕೊಡುತ್ತೇನೆ, ಎಣಿಸಿ ತೆಗೆದುಕೊಳ್ಳುತ್ತೇನೆ. ಇಂಥ ಚಟುವಟಿಕೆ ಮಾಡುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ.

ಚಿತ್ರದ ಕಾರ್ಡ್‌ಗಳಿಗೆ ನಾವು ಕಂಪ್ಯೂಟರ್ ಕೋಣೆ ಬಳಸಿದೆವು. ‘ಇಂದು ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿತ’ ಅನ್ನುವ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಅದೇ ಚಿತ್ರ ಹಿಂದಿನ ವರ್ಷಗಳ ಪುಟಗಳಲ್ಲಿ ಸಿಕ್ಕಿತು. ಇಂದಿನದ್ದಾಗಲು ಸಾಧ್ಯವಿಲ್ಲ ಅನ್ನುವುದಕ್ಕೆ ಅಷ್ಟು ಸಾಕು. ಆದರೆ ಎಲ್ಲೂ ಸಿಗದಿದ್ದರೆ? ಆಗ ಅದು ನಿಜ ಅಂತಲ್ಲ, ನಾಲ್ಕನೇ ತಟ್ಟೆ ಅಷ್ಟೇ. ಮಕ್ಕಳು ತಾವೇ ಇನ್ನೊಂದು ದಾರಿ ಹುಡುಕಿದರು. ವಾಹನಗಳ ನಂಬರ್ ಪ್ಲೇಟ್. ಮಲ್ಪೆ ಬೀಚ್ ಅಂತ ಹೇಳುವ ಚಿತ್ರದಲ್ಲಿ ಒಂದೂ ಕೆಎ 20 ಇಲ್ಲ, ಅಂಗಡಿ ಬೋರ್ಡ್‌ಗಳಲ್ಲಿ ಕನ್ನಡವೇ ಇಲ್ಲ ಅಂದರೆ ಅನುಮಾನ ಪಡಬೇಕಾದದ್ದೇ. ಪ್ರವಾಸಿಗರ ಗಾಡಿ ಎಲ್ಲ ಕಡೆಯಿಂದ ಬರುತ್ತದೆ, ಹಾಗಾಗಿ ಅದೊಂದೇ ಸಾಕಾಗುವುದಿಲ್ಲ ಅಂತ ಮಲ್ಪೆಯ ಹುಡುಗನೇ ಹೇಳಿದ. ‘ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ’ ಅನ್ನುವ ಕಾರ್ಡನ್ನು ಮೊದಲ ದಿನ ಎಲ್ಲರೂ ಸುಳ್ಳು ಅಂದಾಗ ಒಪ್ಪದೇ ಇದ್ದವನೂ ಅವನೇ. ಅವನು ಹಿಂದೆ ಬರೆದದ್ದು: ‘ಅಪ್ಪ ಈಗ ಮನೆಯಲ್ಲಿ ಬಲೆ ಸರಿ ಮಾಡುತ್ತಿದ್ದಾರೆ.’ ಅದು ಒಳ್ಳೆಯ ಸಾಕ್ಷಿ ಅಲ್ವಾ? ಒಪ್ಪಿಕೊಂಡೆ.

ಕಷ್ಟವಾದದ್ದು ಧ್ವನಿ ಸಂದೇಶ. ನಮ್ಮ ಕಡೆ ತುಳುವಿನಲ್ಲಿ ಆಡಿಯೋ ಜಾಸ್ತಿ ಓಡಾಡುತ್ತದೆ. ಬರಹ ಓದಲಾಗದ ಅಜ್ಜಿಯಂದಿರಿಗೂ ಅದು ತಲುಪುತ್ತದೆ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಒಂದು ಆಡಿಯೋವನ್ನು ತರಗತಿಯಲ್ಲಿ ಕೇಳಿಸಿದೆ. ಗಂಡಸಿನ ಗಾಬರಿಯ ದನಿ, ಕೊನೆಗೆ “ಮಾತೆರ್ಲಾ ಜಾಗ್ರತೆ ಮಲ್ಪುಲೆ”, ಎಲ್ಲರೂ ಜಾಗ್ರತೆ ಮಾಡಿ ಅಂತ. ಕೇಳಿ ಮುಗಿಯುವಾಗ ತರಗತಿ ಸ್ತಬ್ಧವಾಗಿತ್ತು. ಪಕ್ಕದ ಮನೆಯ ಮಾಮ ಮಾತಾಡಿದ ಹಾಗೇ ಇತ್ತು ಅಂದರು. ದನಿಗೆ ಗೂಗಲ್ ಲೆನ್ಸ್ ಇಲ್ಲ. ದನಿಯನ್ನು ಕತ್ತರಿಸಲೂ ಆಗುವುದಿಲ್ಲ.

ಹಾಗಾಗಿ ಮೊದಲು ಬರೆದುಕೊಳ್ಳಿ ಅಂದೆ. ಎರಡು ಸಲ ಕೇಳಿ, ಮಾತು ಮಾತೂ ಕನ್ನಡ ಲಿಪಿಯಲ್ಲಿ ಇಳಿಸಿದರು. ಕಾಗದಕ್ಕೆ ಬಂದ ಮೇಲೆ ದನಿಯ ಬಿಸಿ ಆರಿತು. ಆಗ ಕತ್ತರಿ ಹಿಡಿದರು. ಯಾವ ಊರು? ‘ನಮ್ಮ ಊರು’ ಅಂತ ಮಾತ್ರ ಇದೆ. ಯಾವ ದಿನ? ‘ನಿನ್ನೆ’. ಯಾವ ಮಗು, ಯಾವ ಪೊಲೀಸ್ ಠಾಣೆ? ಇಲ್ಲ. ಮಾತಾಡುವವರ ಹೆಸರು? ಇಲ್ಲ. ಕೇಳಿದವರಿಗೆಲ್ಲ ಅದು ಅವರವರ ಊರೇ ಆಗುತ್ತದೆ, ಯಾವಾಗ ಕೇಳಿದರೂ ನಿನ್ನೆಯೇ ಆಗುತ್ತದೆ. ಪರೀಕ್ಷಿಸಲು ಒಂದು ಹಿಡಿಕೆಯೂ ಸಿಗದ ಹಾಗೆ ಇತ್ತು ಆ ಮಾತು. ಒಂದು ಗುಂಪು ಮೂರನೇ ತಟ್ಟೆ ಅಂದಿತು, ಇನ್ನೊಂದು ನಾಲ್ಕನೇ ತಟ್ಟೆಯೇ ಸರಿ ಅಂದಿತು. ಅವರಿಬ್ಬರ ವಾದ ಗಂಟೆ ಹೊಡೆದರೂ ನಿಲ್ಲಲಿಲ್ಲ. ನಾಲ್ಕನೇ ತಟ್ಟೆಯಲ್ಲಿರುವುದನ್ನು ಮುಂದಕ್ಕೆ ಕಳಿಸುವುದಿಲ್ಲ ಅನ್ನುವ ನಿಯಮ ಅಂದು ಮಕ್ಕಳೇ ಮಾಡಿದ್ದು.

ಆ ದಿನ ನಾನು 2018ರ ವಿಷಯ ಹೇಳಿದೆ. ಮಗುವನ್ನು ಬೈಕಿನಲ್ಲಿ ಎತ್ತಿಕೊಂಡು ಹೋಗುವ ಒಂದು ವಿಡಿಯೋ ಆಗ ದೇಶದ ತುಂಬ ಹರಡಿತ್ತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಮಾಡಿದ ವಿಡಿಯೋ. ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದುಬಿಟ್ಟು ಒಂದು ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಕತ್ತರಿಸಿ ಹಂಚಿದ್ದರು. ಆ ವರ್ಷ ಜುಲೈನಲ್ಲಿ ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಜನ ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರನ್ನು ಹೊಡೆದು ಕೊಂದರು. ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಒಂಬತ್ತನೇ ತರಗತಿಗೆ ಇದನ್ನು ಹೇಳಬೇಕಾ ಅಂತ ತುಂಬ ಯೋಚಿಸಿದ್ದೆ. ಹೇಳಿದ್ದು ಸರಿ ಅಂತಲೇ ಈಗಲೂ ಅನ್ನಿಸುತ್ತದೆ.

ಧರ್ಮ, ಪಕ್ಷದ ಸಂದೇಶಗಳನ್ನು ಮೊದಲ ಐದು ವಾರ ನಾನು ಬೇಕೆಂದೇ ತೆಗೆದುಕೊಳ್ಳಲಿಲ್ಲ. ನಮ್ಮ ಕರಾವಳಿಯಲ್ಲಿ ಅಂಥ ಕಾರ್ಡ್ ಮೇಜಿಗೆ ಬಂದರೆ ಮಕ್ಕಳು ಅದನ್ನು ತಟ್ಟೆಗೆ ಹಾಕುವ ಮೊದಲು ತಾವೇ ಎರಡು ರಾಶಿಯಾಗುತ್ತಾರೆ. ರಜೆ, ಮೀನು, ಮಳೆಯ ಮೇಲೆ ಕೈ ಪಳಗಿದ ನಂತರ ಆರನೇ ವಾರ ಒಂದನ್ನು ತಂದೆ. ಹಿಂದೆ ಬರೆಯುವ ನಿಯಮ ಅಲ್ಲಿಯೂ ನಡೆಯಿತು, ಆದರೆ ನಿಧಾನವಾಗಿ, ಸಿಟ್ಟಿನ ಜೊತೆಗೆ. ಅದು ಒಂದು ತರಗತಿಯಲ್ಲಿ ಮುಗಿಯುವ ಕೆಲಸ ಅಲ್ಲ.

ಒಂದೇ ಸಲ ಹೇಳಿ ಮುಗಿಸಿದರೆ ಏನೂ ಉಳಿಯುವುದಿಲ್ಲ ಅಂತ ನಾನು ಮೊದಲೇ ಓದಿದ್ದೆ. ಬಿಹಾರದಲ್ಲಿ 2019ರ ಚುನಾವಣೆ ಸಮಯದಲ್ಲಿ ದೊಡ್ಡವರಿಗೆ ಒಂದು ಗಂಟೆಯ ತರಬೇತಿ ಕೊಟ್ಟು ನೋಡಿದ ಅಧ್ಯಯನದಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ಬದಲಾವಣೆ ಕಂಡಿರಲಿಲ್ಲ. ಅಲ್ಲೇ ಮುಂದೆ ಶಾಲಾ ಮಕ್ಕಳಿಗೆ ವಾರಗಟ್ಟಲೆ ತರಗತಿ ಮಾಡಿದಾಗ ಪರಿಣಾಮ ಕಂಡಿತು, ತಿಂಗಳುಗಳ ನಂತರವೂ ಉಳಿಯಿತು. ಅದಕ್ಕೇ ನಾನು ವಾರಕ್ಕೊಂದು ಪೀರಿಯಡ್‌ನಂತೆ ಎಂಟು ವಾರ ಇಟ್ಟುಕೊಂಡಿದ್ದೆ.

ಕೊನೆಯ ವಾರ ಹೊಸ ಹದಿನಾರು ಕಾರ್ಡ್ ಕೊಟ್ಟೆ. ಸುಳ್ಳು ಎಂಟರಲ್ಲಿ ಹೆಚ್ಚಿನ ಗುಂಪುಗಳು ಆರನ್ನು ಮಾತ್ರ ಮೂರನೇ ತಟ್ಟೆಗೆ ಹಾಕಿದವು. ಮೊದಲ ದಿನ ಏಳಿತ್ತು! ಅದೊಂದನ್ನೇ ನೋಡಿದರೆ ಮಕ್ಕಳು ಹಿಂದೆ ಬಿದ್ದ ಹಾಗೆ ಕಾಣುತ್ತದೆ. ಆದರೆ ಉಳಿದೆರಡು ನಾಲ್ಕನೇ ತಟ್ಟೆಯಲ್ಲಿದ್ದವು. ನಿಜ ಎಂಟರಲ್ಲಿ ಆರು ಎರಡನೇ ತಟ್ಟೆಗೆ ಬಂದಿದ್ದವು. ಹಿಂದೆ ಕಾರಣವೂ ಇತ್ತು.

ಆಗಸ್ಟ್‌ನಲ್ಲಿ ಒಂದು ದಿನ ಜೋರು ಮಳೆ. ಬೆಳಿಗ್ಗೆ ರಜೆ ಘೋಷಣೆಯಾಯಿತು. ಒಂಬತ್ತು ಗಂಟೆಗೆ ನನ್ನ ತರಗತಿಯ ಒಬ್ಬ ಹುಡುಗ ಪೂರ್ತಿ ಒದ್ದೆಯಾಗಿ ಶಾಲೆಗೆ ಬಂದ. ಗೇಟಿನ ಹತ್ತಿರ ಸಿಕ್ಕಿದ. ಅವನ ಮನೆಯ ಗ್ರೂಪಿಗೆ ಬಂದ ಸಂದೇಶದಲ್ಲಿ ಯಾರೋ ಅವಸರದಲ್ಲಿ ಟೈಪ್ ಮಾಡುವಾಗ ಹಿಂದಿನ ದಿನದ ತಾರೀಕು ಹಾಕಿಬಿಟ್ಟಿದ್ದರು. ವಾರ ಸರಿ ಇತ್ತು, ತಾರೀಕು ತಪ್ಪಿತ್ತು. “ಹೊಂದುದಿಲ್ಲ ಅಂತ ಸುಳ್ಳು ಅಂದ್ಕೊಂಡೆ ಟೀಚರ್. ಅಮ್ಮ ಬೇಡ ಅಂದ್ರೂ ಬಂದೆ” ಅಂದ. ಚಳಿಗೆ ನಡುಗುತ್ತಿದ್ದ. ಆಫೀಸಿನಲ್ಲಿ ಟವೆಲ್ ಕೊಟ್ಟು ಕೂರಿಸಿ, ಬಿಸಿ ಚಹಾ ಕುಡಿಸಿ, ಅವರ ಮನೆಗೆ ಫೋನ್ ಮಾಡಿದೆ. ತಾರೀಕು-ವಾರದ ಪಾಠ ಹೇಳಿದವಳು ನಾನು. ತಪ್ಪು ಕಂಡ ಮೇಲೆ ಇನ್ನೊಂದು ಕಡೆ ನೋಡಬೇಕು ಅನ್ನುವುದನ್ನು ನಾನು ಅಷ್ಟು ಒತ್ತಿ ಹೇಳಿರಲಿಲ್ಲ.

ಶಾಲೆ ಮತ್ತೆ ಶುರುವಾದಾಗ ಆ ಸಂದೇಶವನ್ನು ಹದಿನೇಳನೇ ಕಾರ್ಡ್ ಮಾಡಿದೆವು. ಹಿಂದೆ ಬರೆಯುವ ಕೆಲಸ ಅವನಿಗೇ ಕೊಟ್ಟೆ. ಕತ್ತರಿಯಿಂದ ತಾರೀಕನ್ನು ಬೇರೆ ಮಾಡಿ ಮೂರನೇ ತಟ್ಟೆಗೆ ಹಾಕಿದ. ಉಳಿದದ್ದನ್ನು ಎರಡನೇ ತಟ್ಟೆಗೆ ಹಾಕಿ ಹಿಂದೆ ಬರೆದ: ‘ಶಾಲೆಯ ಗ್ರೂಪಿನಲ್ಲಿ 6.40ಕ್ಕೇ ಬಂದಿತ್ತು. ನಾನು ನೋಡಲಿಲ್ಲ.’